ಯಾವ ಓಣಿಗೆ ಎಷ್ಟು ಚರಂಡಿ: ಜನಸಹಭಾಗಿತ್ವ ಬಜೆಟ್ಟಿನ ಲೆಕ್ಕಾಚಾರ

ಬಳ್ಳಾರಿ, ರಾಯಚೂರು, ಕೊಪ್ಪಳದಂತಹ ಊರುಗಳಲ್ಲಿ ಹೊಸ ಆರ್ಥಿಕ ವರ್ಷಕ್ಕೆ ಮೊದಲು ಬಜೆಟ್ ಪೂರ್ವಭಾವಿ ಸಭೆ ಕರೆಯುವ ರೂಢಿಯಿದೆ. ಸಭೆಗೆ ಬಂದವರು ಒಬ್ಬೊಬ್ಬರಾಗಿ ಎದ್ದು ತಮ್ಮ ಓಣಿಯ ಚರಂಡಿ, ಬೀದಿದೀಪ, ನೀರಿನ ತೊಂದರೆಗಳನ್ನು ಹೇಳುತ್ತಾರೆ, ಸಿಬ್ಬಂದಿ ಅವುಗಳನ್ನು ಬರೆದುಕೊಳ್ಳುತ್ತಾರೆ, ಅಧ್ಯಕ್ಷತೆ ವಹಿಸಿದವರು ಎಲ್ಲವನ್ನೂ ಪರಿಶೀಲಿಸುವುದಾಗಿ ಹೇಳಿ ಸಭೆ ಮುಗಿಸುತ್ತಾರೆ. ಅಂತಹ ಒಂದು ಸಭೆಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, ಹಿಂದಿನ ವರ್ಷ ಕೊಟ್ಟಿದ್ದ ಮನವಿಯ ಪ್ರತಿಯನ್ನೇ ದಿನಾಂಕ ತಿದ್ದಿ ಮತ್ತೆ ತಂದಿದ್ದರು. ಅವರ ಮನವಿಯನ್ನು ಯಾರೂ ತಿರಸ್ಕರಿಸಿರಲಿಲ್ಲ, ಒಪ್ಪಿಕೊಂಡೂ ಇರಲಿಲ್ಲ. ಅದನ್ನು ಒಪ್ಪಲು ಅಥವಾ ಬಿಡಲು ಒಂದು ನಿಯಮವಾಗಲಿ, ಅದಕ್ಕೆಂದು ಎತ್ತಿಟ್ಟ ಮೊತ್ತವಾಗಲಿ ಆ ಸಭೆಯ ಮುಂದೆ ಇರಲಿಲ್ಲ.

ಇದು ಸಮಾಲೋಚನೆ. ಜನಸಹಭಾಗಿತ್ವ ಬಜೆಟ್ ಎಂಬುದು ಇದಕ್ಕಿಂತ ಬೇರೆಯಾದ ವ್ಯವಸ್ಥೆ. ಅದರಲ್ಲಿ ಸಭೆ ಸೇರುವುದಕ್ಕೆ ಮೊದಲೇ ನಗರದ ಒಟ್ಟು ವೆಚ್ಚದ ಒಂದು ಭಾಗವನ್ನು ಇಷ್ಟು ರೂಪಾಯಿ ಎಂದು ನಿಗದಿಪಡಿಸಿ ಪ್ರಕಟಿಸುತ್ತಾರೆ, ಆ ಹಣ ಯಾವ ಭಾಗಕ್ಕೆ ಎಷ್ಟು ಎಂಬ ಹಂಚಿಕೆಯ ಸೂತ್ರವನ್ನೂ ಮೊದಲೇ ತಿಳಿಸುತ್ತಾರೆ, ನಿವಾಸಿಗಳು ಆರಿಸಿದ ಕಾಮಗಾರಿಯನ್ನು ಆಡಳಿತ ಕೈಗೊಳ್ಳಲೇಬೇಕು. ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮತದಾನದ ದಿನವನ್ನೇ ವರ್ಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚು ಗಮನ ಸಲ್ಲಬೇಕಾದುದು ಹಂಚಿಕೆಯ ಸೂತ್ರಕ್ಕೆ, ಏಕೆಂದರೆ ಮತ ಹಾಕುವ ಹೊತ್ತಿಗೆ ಯಾವ ಬಡಾವಣೆಗೆ ಎಷ್ಟು ಹಣ ಎಂಬುದು ತೀರ್ಮಾನವಾಗಿ ಹೋಗಿರುತ್ತದೆ. ಆದ್ದರಿಂದ ಈ ಬರಹದ ಬಹುಪಾಲನ್ನು ಆ ಸೂತ್ರವನ್ನು ಬಿಡಿಸಿ ಹೇಳುವುದಕ್ಕೇ ಬಳಸುತ್ತೇನೆ.

ಮೊದಲು ನಿವಾಸಿಗಳ ಕೈಗೆ ಕೊಡಬಹುದಾದ ಹಣ ಎಷ್ಟಿರುತ್ತದೆ ಎಂಬುದನ್ನು ನೋಡಬೇಕು. ಪಾಲಿಕೆಯ ಬಜೆಟ್ ಪುಸ್ತಕದಲ್ಲಿ ನೂರಾರು ಕೋಟಿಯ ಮೊತ್ತ ಕಂಡರೂ ಅದರ ಬಹುಪಾಲಿಗೆ ದಾರಿ ಆಗಲೇ ನಿಗದಿಯಾಗಿರುತ್ತದೆ. ನೌಕರರ ಸಂಬಳ, ಪೌರಕಾರ್ಮಿಕರ ವೇತನ, ನೀರೆತ್ತುವ ಪಂಪುಗಳ ಮತ್ತು ಬೀದಿದೀಪಗಳ ವಿದ್ಯುತ್ ಬಿಲ್ಲು, ಹಳೆಯ ಕಾಮಗಾರಿಗಳ ಬಾಕಿ ಇವು ಮೊದಲು ಹೋಗುತ್ತವೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ನಮ್ಮಂತಹ ನಗರಗಳಿಗೆ ಬಂದ ಅನುದಾನದ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ರಾಜ್ಯದ ನಿಯಮದಂತೆ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ತೆಗೆದಿಡಬೇಕು, ಇದನ್ನು ಯಾವ ಸಭೆಯೂ ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಇಷ್ಟೆಲ್ಲ ಕಳೆದ ಮೇಲೆ ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕಗಳಿಂದ ಬಂದ ಸ್ವಂತ ವರಮಾನದಲ್ಲಿ ಉಳಿದುದು ಮತ್ತು ಅನುದಾನದ ಅನಿರ್ಬಂಧಿತ ಭಾಗ ಮಾತ್ರ ಕೈಯಲ್ಲಿರುತ್ತದೆ. ನಿವಾಸಿಗಳು ನಿರ್ಧರಿಸುವುದು ಈ ಉಳಿಕೆಯಲ್ಲಿ ಒಂದು ಪಾಲನ್ನು ಎಂಬುದನ್ನು ಮೊದಲ ಸಭೆಯಲ್ಲೇ ಹೇಳಬೇಕು. ಇಡೀ ಬಜೆಟ್ ನಿಮ್ಮ ಕೈಯಲ್ಲಿದೆ ಎಂದು ಕರೆದು ಆಮೇಲೆ ಈ ಮಾತು ಹೇಳಿದರೆ ಎರಡನೆಯ ವರ್ಷ ಜನ ಬರುವುದಿಲ್ಲ.

ಹಣವಿಲ್ಲದೆ ಜನರನ್ನು ಕರೆದರೆ ಏನಾಗುತ್ತದೆ ಎಂಬುದಕ್ಕೆ ಈ ಪದ್ಧತಿ ಹುಟ್ಟಿದ ಊರಿನಲ್ಲೇ ಉದಾಹರಣೆಯಿದೆ. ಬ್ರೆಜಿಲ್ ದೇಶದ ದಕ್ಷಿಣ ತುದಿಯಲ್ಲಿರುವ ಪೋರ್ತೊ ಅಲೆಗ್ರೆ ಸುಮಾರು 13 ಲಕ್ಷ ಜನರ ನಗರ. 1988ರ ಚುನಾವಣೆಯಲ್ಲಿ ಅಲ್ಲಿ ಕಾರ್ಮಿಕರ ಪಕ್ಷ ಗೆದ್ದಿತು, ಒಲಿವಿಯೊ ದುತ್ರಾ ಮೇಯರ್ ಆದರು, 1989ರಲ್ಲಿ ಬಡಾವಣೆಗಳ ಸಂಘಗಳೊಡನೆ ಸೇರಿ ಈ ಪ್ರಯೋಗ ಆರಂಭವಾಯಿತು. ಆದರೆ ಖಜಾನೆಗೆ ಬಂದ ವರಮಾನವನ್ನೆಲ್ಲ ಹೆಚ್ಚುಕಡಿಮೆ ಸಂಬಳವೇ ನುಂಗುತ್ತಿದ್ದ ಕಾರಣ ಮೊದಲ ವರ್ಷ ಸಭೆಗಳಲ್ಲಿ ಕೇಳಿದ ಕೆಲಸಗಳಲ್ಲಿ ಬಹುಪಾಲು ಆಗಲಿಲ್ಲ, ಮರುವರ್ಷ ಸಭೆಗೆ ಬಂದವರ ಸಂಖ್ಯೆ ಇಡೀ ನಗರಕ್ಕೆ ಒಂದು ಸಾವಿರದ ಆಸುಪಾಸಿನಲ್ಲೇ ಉಳಿಯಿತು. ಆಡಳಿತ ಆಸ್ತಿ ತೆರಿಗೆಯನ್ನು ಸುಧಾರಿಸಿ ವರಮಾನ ಹೆಚ್ಚಿಸಿಕೊಂಡಿತು, ಸಂವಿಧಾನದ ಬದಲಾವಣೆಯಿಂದಾಗಿ ಕೇಂದ್ರದಿಂದ ಬರುವ ಪಾಲೂ ಏರಿತು. ಆಮೇಲೆ ಕೆಲಸಗಳು ನಡೆದವು, ಕೆಲಸ ಕಂಡ ಓಣಿಯ ಪಕ್ಕದ ಓಣಿಯವರು ಮುಂದಿನ ಸಭೆಗೆ ಬಂದರು. 2000ರ ದಶಕದ ಆರಂಭದ ಹೊತ್ತಿಗೆ ಹಾಜರಿ ಇಪ್ಪತ್ತು ಸಾವಿರ ದಾಟಿತ್ತು. ಜಾಗೃತಿ ಜಾಥಾ, ಕರಪತ್ರಗಳಿಂದ ಹಾಜರಿ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಲ್ಲಿ ಜನರನ್ನು ಕರೆತಂದದ್ದು ಪಕ್ಕದ ಓಣಿಯಲ್ಲಿ ಬಿದ್ದ ಕಾಂಕ್ರೀಟು.

ಅವರು ನಗರವನ್ನು 16 ವಲಯಗಳಾಗಿ ವಿಂಗಡಿಸಿಕೊಂಡಿದ್ದರು. ವಲಯದ ದೊಡ್ಡ ಸಭೆಗೆ ಯಾರು ಬೇಕಾದರೂ ಬರಬಹುದಿತ್ತು. ಅಲ್ಲಿ ಜನ ತಮ್ಮ ವಲಯಕ್ಕೆ ರಸ್ತೆ ಮುಖ್ಯವೋ, ಒಳಚರಂಡಿ ಮುಖ್ಯವೋ, ಮನೆ ಮುಖ್ಯವೋ ಎಂದು ಆದ್ಯತೆಯ ಕ್ರಮ ಹೇಳುತ್ತಿದ್ದರು. ಹಾಜರಾದವರ ಸಂಖ್ಯೆಗೆ ತಕ್ಕಂತೆ ಪ್ರತಿನಿಧಿಗಳನ್ನು ಆರಿಸುತ್ತಿದ್ದರು, ಮುಂದಿನ ತಿಂಗಳುಗಳಲ್ಲಿ ಈ ಪ್ರತಿನಿಧಿಗಳು ತಮ್ಮ ಓಣಿಗಳಲ್ಲಿ ಓಡಾಡಿ ನಿರ್ದಿಷ್ಟ ಕೆಲಸಗಳ ಪಟ್ಟಿ ಮಾಡುತ್ತಿದ್ದರು. ಅವರ ಮೇಲೆ ಇಡೀ ನಗರಕ್ಕೆ ಒಂದು ಬಜೆಟ್ ಮಂಡಳಿ ಇತ್ತು. ಅದಕ್ಕೆ ಪ್ರತಿ ವಲಯದಿಂದಲೂ ಸದಸ್ಯರು ಆಯ್ಕೆಯಾಗಿ ಬರುತ್ತಿದ್ದರು. ಹಂಚಿಕೆಯ ಸೂತ್ರವನ್ನು ಚರ್ಚಿಸಿ ಬೇಕಾದರೆ ತಿದ್ದುವ ಅಧಿಕಾರ ಈ ಮಂಡಳಿಯದು. ಕೊನೆಗೆ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತಿದ್ದುದು ಚುನಾಯಿತ ನಗರ ಸಭೆಯೇ, ಅದರ ಕಾನೂನುಬದ್ಧ ಅಧಿಕಾರವನ್ನು ಯಾರೂ ಕಿತ್ತುಕೊಂಡಿರಲಿಲ್ಲ.

ಸೂತ್ರದ ತಿರುಳು ಮೂರು ಪ್ರಶ್ನೆಗಳು. ಈ ವಲಯದಲ್ಲಿ ಎಷ್ಟು ಜನರಿದ್ದಾರೆ? ಈ ಸೌಕರ್ಯದ ಕೊರತೆ ಇಲ್ಲಿ ಎಷ್ಟಿದೆ? ವಲಯದ ಜನ ಇದಕ್ಕೆ ಎಷ್ಟನೆಯ ಆದ್ಯತೆ ಕೊಟ್ಟಿದ್ದಾರೆ? ಪ್ರತಿ ಪ್ರಶ್ನೆಗೂ ವಲಯಕ್ಕೆ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಟ್ಟು, ಪ್ರಶ್ನೆಯ ಮಹತ್ವಕ್ಕೆ ತಕ್ಕ ತೂಕದಿಂದ ಗುಣಿಸಿ ಕೂಡಿದರೆ ಬರುವುದು ಆ ವಲಯದ ಅಂಕ. ಹಣ ಹಂಚುವುದು ಅಂಕಗಳ ಅನುಪಾತದಲ್ಲಿ. ಕಲ್ಯಾಣ ಕರ್ನಾಟಕದ ಓದುಗರಿಗೆ ಈ ಬಗೆಯ ಯೋಚನೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ 35 ಸೂಚಕಗಳನ್ನು ಸೇರಿಸಿ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದಿತ್ತು, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ತಾಲ್ಲೂಕುಗಳ ನಡುವೆ ನಾವು ಒಪ್ಪಿಕೊಂಡಿರುವ ನ್ಯಾಯವನ್ನು ಒಂದೇ ಊರಿನ ಬಡಾವಣೆಗಳ ನಡುವೆಯೂ ಅನ್ವಯಿಸುವುದು ಎಂದು ಈ ಸೂತ್ರವನ್ನು ಅರ್ಥಮಾಡಿಕೊಳ್ಳಬಹುದು.

ಈಗ ಬಳ್ಳಾರಿಯಂತಹ ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಮಾಡಿ ನೋಡೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ನಾನು ಕಲ್ಪಿಸಿಕೊಂಡವು, ಯಾವ ನಿಜವಾದ ವಾರ್ಡಿನವೂ ಅಲ್ಲ. ಚರಂಡಿ ಕಾಮಗಾರಿಗೆಂದು ₹2.40 ಕೋಟಿ ತೆಗೆದಿಟ್ಟಿದ್ದಾರೆ, ಊರಿನ ಮೂರು ಭಾಗಗಳಿಗೆ ಅದನ್ನು ಹಂಚಬೇಕು ಎಂದುಕೊಳ್ಳಿ. ಒಂದು ಹಳೆಯ ಪೇಟೆ, ಅಲ್ಲಿ 80,000 ಜನ. ಎರಡನೆಯದು ನಕ್ಷೆ ಹಾಕಿ ಕಟ್ಟಿದ ಬಡಾವಣೆ, 40,000 ಜನ. ಮೂರನೆಯದು ಊರಿನ ಅಂಚು, ಜೀನ್ಸ್ ಹೊಲಿಗೆ ಘಟಕಗಳಿಗೂ ಗಾರೆ ಕೆಲಸಕ್ಕೂ ಹೋಗುವವರು ಹೆಚ್ಚಾಗಿರುವ ಭಾಗ, ಅಲ್ಲಿಯೂ 40,000 ಜನ. ಪಕ್ಕಾ ಚರಂಡಿ ಇಲ್ಲದ ಓಣಿಗಳು ಪೇಟೆಯಲ್ಲಿ ನೂರಕ್ಕೆ 10, ಬಡಾವಣೆಯಲ್ಲಿ 24, ಅಂಚಿನಲ್ಲಿ 80. ಆದ್ಯತೆ ಕೇಳಿದಾಗ ಅಂಚಿನವರು ಚರಂಡಿಗೆ ಮೊದಲ ಸ್ಥಾನ ಕೊಟ್ಟರು, ಬಡಾವಣೆಯವರು ಎರಡನೆಯ ಸ್ಥಾನ ಕೊಟ್ಟರು, ಪಾರ್ಕಿಂಗ್ ಮತ್ತು ಬೀದಿದೀಪದ ಚಿಂತೆಯಲ್ಲಿದ್ದ ಪೇಟೆಯವರು ನಾಲ್ಕನೆಯ ಸ್ಥಾನ ಕೊಟ್ಟರು.

ಜನಸಂಖ್ಯೆ 75,000 ಮೀರಿದರೆ ದರ್ಜೆ 4, 25,000ದಿಂದ 50,000ದ ಒಳಗಿದ್ದರೆ ದರ್ಜೆ 2 ಎಂದು ಇಟ್ಟುಕೊಳ್ಳೋಣ. ಕೊರತೆ ಶೇ 25ರವರೆಗಿದ್ದರೆ ದರ್ಜೆ 1, ಅಲ್ಲಿಂದ ಶೇ 50ರವರೆಗೆ 2, ಶೇ 75ನ್ನು ಮೀರಿದರೆ 4. ಆದ್ಯತೆಯಲ್ಲಿ ಮೊದಲ ಸ್ಥಾನಕ್ಕೆ 4, ಎರಡನೆಯದಕ್ಕೆ 3, ನಾಲ್ಕನೆಯದಕ್ಕೆ 1. ತೂಕಗಳು ಜನಸಂಖ್ಯೆಗೆ 2, ಕೊರತೆಗೆ 4, ಆದ್ಯತೆಗೆ 5. ಪೇಟೆಯ ಅಂಕ 8, 4, 5 ಸೇರಿ 17 ಆಗುತ್ತದೆ. ಬಡಾವಣೆಗೆ 4, 4, 15 ಸೇರಿ 23. ಅಂಚಿನ ಭಾಗಕ್ಕೆ 4, 16, 20 ಸೇರಿ 40. ಒಟ್ಟು 80 ಅಂಕ, ಹಣ ₹240 ಲಕ್ಷ, ಆದ್ದರಿಂದ ಅಂಕಕ್ಕೆ ₹3 ಲಕ್ಷ. ಪೇಟೆಗೆ ₹51 ಲಕ್ಷ, ಬಡಾವಣೆಗೆ ₹69 ಲಕ್ಷ, ಅಂಚಿಗೆ ₹120 ಲಕ್ಷ ಸಿಗುತ್ತದೆ.

ಇದೇ ಹಣವನ್ನು ತಲೆಗಿಷ್ಟು ಎಂದು ಹಂಚಿದ್ದರೆ ಪೇಟೆಗೆ ₹120 ಲಕ್ಷ, ಉಳಿದೆರಡಕ್ಕೂ ₹60 ಲಕ್ಷ ಸಿಗುತ್ತಿತ್ತು. ವಾರ್ಡಿಗಿಷ್ಟು ಎಂದು ಸಮನಾಗಿ ಹಂಚುವ ನಮ್ಮ ರೂಢಿಯಂತೆ ಪ್ರತಿ ಭಾಗಕ್ಕೂ ₹80 ಲಕ್ಷ ಹೋಗುತ್ತಿತ್ತು. ಸಮಪಾಲು ಎಂಬುದು ಕೇಳುವುದಕ್ಕೆ ನ್ಯಾಯವಾಗಿ ಕಂಡರೂ, ಹತ್ತರಲ್ಲಿ ಒಂಬತ್ತು ಓಣಿಗಳಿಗೆ ಚರಂಡಿ ಇರುವ ಕಡೆ ಆ ಹಣ ಇದ್ದ ಚರಂಡಿಯನ್ನೇ ಒಡೆದು ಮತ್ತೆ ಕಟ್ಟುವುದಕ್ಕೆ ಹೋಗುತ್ತದೆ, ಹತ್ತರಲ್ಲಿ ಎಂಟು ಓಣಿಗಳಿಗೆ ಇಲ್ಲದ ಕಡೆ ಎರಡು ಓಣಿಗೆ ಸಾಲದೆ ನಿಂತುಹೋಗುತ್ತದೆ. ಸಮಪಾಲು ಈ ವ್ಯತ್ಯಾಸವನ್ನು ವರ್ಷದಿಂದ ವರ್ಷಕ್ಕೆ ಹಾಗೆಯೇ ಕಾಪಾಡುತ್ತದೆ ಎಂಬುದು ಸೂತ್ರವನ್ನು ಬರೆದು ನೋಡಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಹಾಗೆಂದು ಸೂತ್ರವಿದ್ದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಎನ್ನಲಾಗದು, ಏಕೆಂದರೆ ತೂಕಗಳನ್ನು ಯಾರೋ ಒಬ್ಬರು ಆರಿಸಿರುತ್ತಾರೆ. ಮೇಲಿನ ಉದಾಹರಣೆಯಲ್ಲಿ ಜನಸಂಖ್ಯೆಯ ತೂಕವನ್ನು 5ಕ್ಕೆ ಏರಿಸಿ ಆದ್ಯತೆಯ ತೂಕವನ್ನು 2ಕ್ಕೆ ಇಳಿಸಿದರೆ ಪೇಟೆಯ ಅಂಕ 26, ಬಡಾವಣೆಯದು 20, ಅಂಚಿನದು 34 ಆಗುತ್ತದೆ. ಒಟ್ಟು ಮತ್ತೆ 80. ಪೇಟೆಯ ಪಾಲು ₹51 ಲಕ್ಷದಿಂದ ₹78 ಲಕ್ಷಕ್ಕೆ ಏರಿತು, ಅಂಚಿನದು ₹102 ಲಕ್ಷಕ್ಕೆ ಇಳಿಯಿತು. ಯಾವ ಸಭೆಯೂ ನಡೆಯದೆ, ಒಬ್ಬ ನಿವಾಸಿಯ ಅಭಿಪ್ರಾಯವೂ ಬದಲಾಗದೆ, ಕಚೇರಿಯ ಒಂದು ಕೋಷ್ಟಕದಲ್ಲಿ ಎರಡು ಅಂಕಿ ಅದಲುಬದಲಾದುದರಿಂದ ₹27 ಲಕ್ಷ ಪೇಟೆಯ ಕಡೆಗೆ ಸರಿಯಿತು. ತೂಕಗಳನ್ನು ಜನರಿಂದ ಆಯ್ಕೆಯಾದ ಮಂಡಳಿಯೇ ಚರ್ಚಿಸಿ, ಆದ್ಯತೆ ಕೇಳುವುದಕ್ಕೆ ಮೊದಲೇ ಪ್ರಕಟಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಫಲಿತಾಂಶ ನೋಡಿ ತೂಕ ಹಾಕಲು ಬಿಟ್ಟರೆ ಬಲವಿದ್ದವರಿಗೆ ಬೇಕಾದ ಉತ್ತರ ಬರುವ ತೂಕವೇ ಬರುತ್ತದೆ.

ಇನ್ನೊಂದು ಬಿರುಕು ದರ್ಜೆಯ ಗಡಿಯಲ್ಲಿದೆ. ಬಡಾವಣೆಯ ಕೊರತೆ ಶೇ 24 ಇದ್ದುದರಿಂದ ಅದಕ್ಕೆ ದರ್ಜೆ 1 ಸಿಕ್ಕಿತು. ಸಮೀಕ್ಷೆಯಲ್ಲಿ ಎರಡು ಓಣಿಗಳನ್ನು ಕಚ್ಚಾ ಚರಂಡಿ ಎಂದು ಬರೆಸಿ ಶೇ 26 ಮಾಡಿಸಿದರೆ ದರ್ಜೆ 2 ಆಗಿ, ಅಂಕ 27ಕ್ಕೆ ಏರಿ, ಅದರ ಪಾಲು ಸುಮಾರು ₹77 ಲಕ್ಷ ಆಗುತ್ತದೆ. ಎರಡು ಓಣಿಗಳ ಬರವಣಿಗೆಗೆ ಎಂಟು ಲಕ್ಷದ ಬೆಲೆ ಇದೆ ಎಂದು ಗೊತ್ತಾದ ದಿನದಿಂದ ಜಗಳ ಸಭೆಯಿಂದ ಸಮೀಕ್ಷೆಗೆ ವರ್ಗಾವಣೆಯಾಗುತ್ತದೆ. ಕೊರತೆಯ ಅಂಕಿ ಎಲ್ಲಿಂದ ಬಂತು, ಯಾವ ಓಣಿಯನ್ನು ಇಲ್ಲ ಎಂದು ಬರೆದಿದ್ದಾರೆ ಎಂಬ ಓಣಿವಾರು ಪಟ್ಟಿಯನ್ನು ಅಂಗನವಾಡಿಯ ಗೋಡೆಗೋ ಪಡಿತರ ಅಂಗಡಿಯ ಬಾಗಿಲಿಗೋ ಅಂಟಿಸಿ ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟರೆ ಸುಳ್ಳು ನಮೂದು ಹೆಚ್ಚು ಕಾಲ ನಿಲ್ಲುವುದಿಲ್ಲ, ಏಕೆಂದರೆ ಓಣಿಯ ಚರಂಡಿ ಯಾರೂ ಬಚ್ಚಿಡಬಹುದಾದ ವಸ್ತುವಲ್ಲ. ದರ್ಜೆಯನ್ನೇ ಬಿಟ್ಟು ಶೇಕಡಾವಾರನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಗಡಿಯ ತೊಂದರೆ ತಪ್ಪುತ್ತದೆ. ಆದರೆ ಬೆರಳೆಣಿಕೆಯಲ್ಲಿ ಸಭೆಯ ಮುಂದೆ ಲೆಕ್ಕ ಮಾಡಿ ತೋರಿಸುವ ಅನುಕೂಲ ಆಗ ಕಡಿಮೆಯಾಗುತ್ತದೆ, ಆ ಅನುಕೂಲಕ್ಕೂ ಬೆಲೆಯಿದೆ.

ಅಂಚಿನ ಭಾಗಕ್ಕೆ ₹120 ಲಕ್ಷ ಸಿಕ್ಕಿತು. ಇನ್ನು ಅದರೊಳಗೆ ಯಾವ ಕೆಲಸ ಎಂಬ ಆಯ್ಕೆ. ಇಲ್ಲಿ ಮತದಾನ ಬರುತ್ತದೆ, ಮತ ಎಣಿಸುವ ರೀತಿಯೂ ಫಲವನ್ನು ಬದಲಿಸುತ್ತದೆ. 1,200 ಜನ ಮತ ಹಾಕಿದರು ಎಂದುಕೊಳ್ಳಿ. ಅವರಲ್ಲಿ 700 ಜನ ರಸ್ತೆಯ ಈಚೆ ಬದಿಯವರು, ತಮ್ಮ ಕಡೆಯ ನಾಲ್ಕು ಕೆಲಸಗಳಿಗೂ ಮತ ಹಾಕಿದರು. 500 ಜನ ಆಚೆ ಬದಿಯವರು, ತಮ್ಮ ಕಡೆಯ ಎರಡು ಕೆಲಸಗಳಿಗೆ ಮತ ಹಾಕಿದರು. ಒಂದೊಂದು ಕೆಲಸಕ್ಕೂ ₹30 ಲಕ್ಷ. ಹೆಚ್ಚು ಮತ ಬಿದ್ದ ಕೆಲಸದಿಂದ ಆರಂಭಿಸಿ ಹಣ ಮುಗಿಯುವವರೆಗೆ ಹೋಗುವುದು ಸಾಮಾನ್ಯ ಪದ್ಧತಿ. ಹಾಗೆ ಮಾಡಿದರೆ ಈಚೆ ಬದಿಯ ನಾಲ್ಕೂ ಕೆಲಸಗಳು ಗೆದ್ದು ₹120 ಲಕ್ಷ ಮುಗಿಯುತ್ತದೆ, 500 ಜನರಿಗೆ ಏನೂ ಸಿಗುವುದಿಲ್ಲ. ಬಹುಮತದ ನಿಯಮ ಚಾಚೂ ತಪ್ಪದೆ ಪಾಲನೆಯಾಗಿದೆ, ಆದರೆ ಆಚೆ ಬದಿಯವರು ಮುಂದಿನ ವರ್ಷ ಬರುವುದಕ್ಕೆ ಕಾರಣ ಉಳಿದಿಲ್ಲ. ಆ ಎರಡು ಬದಿಗಳು ಜಾತಿಯಿಂದಲೋ ಧರ್ಮದಿಂದಲೋ ಬೇರೆಯಾಗಿದ್ದರೆ ಇದರ ಪರಿಣಾಮ ಚರಂಡಿಯನ್ನು ದಾಟಿ ಹೋಗುತ್ತದೆ.

ಇದಕ್ಕೆ ಪರ್ಯಾಯವಾಗಿ ಸಮಪಾಲಿನ ವಿಧಾನ ಎಂಬ ಎಣಿಕೆಯನ್ನು ಕಂಪ್ಯೂಟರ್ ವಿಜ್ಞಾನಿಗಳು ರೂಪಿಸಿದ್ದಾರೆ. 2023ರಲ್ಲಿ ಪೋಲೆಂಡಿನ ವ್ಯೆಲಿಚ್ಕಾ ಮತ್ತು ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣಗಳು ಅದನ್ನು ಬಳಸಿದವು. ಅದರಲ್ಲಿ ಹಣವನ್ನು ಮತದಾರರ ನಡುವೆ ಲೆಕ್ಕಕ್ಕಾಗಿ ಸಮನಾಗಿ ಹಂಚುತ್ತಾರೆ, ನಮ್ಮ ಉದಾಹರಣೆಯಲ್ಲಿ ತಲಾ ₹10,000. ಒಂದು ಕೆಲಸ ಗೆಲ್ಲಬೇಕಾದರೆ ಅದಕ್ಕೆ ಮತ ಹಾಕಿದವರ ಪಾಲುಗಳಿಂದಲೇ ಅದರ ವೆಚ್ಚ ಹುಟ್ಟಬೇಕು. ಈಚೆ ಬದಿಯ 700 ಜನರ ಬಳಿ ₹70 ಲಕ್ಷ ಇರುವುದರಿಂದ ಅವರಿಗೆ ಎರಡು ಕೆಲಸ. ಆಚೆ ಬದಿಯ 500 ಜನರ ಬಳಿ ₹50 ಲಕ್ಷ, ಅವರಿಗೆ ಒಂದು ಕೆಲಸ. ಉಳಿದ ₹30 ಲಕ್ಷ ಎರಡೂ ಕಡೆ ಚೂರಾಗಿ ನಿಂತಿದೆ. ಅದನ್ನು ಮುಂದಿನ ಹೆಚ್ಚು ಮತದ ಕೆಲಸಕ್ಕೆ ಕೊಡುತ್ತೇವೆ ಎಂದು ಮೊದಲೇ ಬರೆದಿಟ್ಟಿದ್ದರೆ ಈಚೆ ಬದಿಗೆ ಮೂರನೆಯ ಕೆಲಸವೂ ಸಿಗುತ್ತದೆ. ಮೂರಕ್ಕೆ ಒಂದು ಎಂಬ ಈ ಫಲ ಪೂರ್ಣ ನ್ಯಾಯವಲ್ಲದಿದ್ದರೂ ನಾಲ್ಕಕ್ಕೆ ಸೊನ್ನೆ ಎಂಬುದಕ್ಕಿಂತ ಎಷ್ಟೋ ಮೇಲು. ಈ ಲೆಕ್ಕಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ, ಕಪ್ಪು ಹಲಗೆಯ ಮೇಲೆ ಮಾಡಬಹುದು.

ಮತ ಹಾಕುವ ಚೀಟಿಯ ಮೇಲೆ ಕೆಲಸದ ಹೆಸರಿನ ಜೊತೆ ಅಂದಾಜು ವೆಚ್ಚ ಇರಲೇಬೇಕು ಎಂಬುದು ಇದರಿಂದ ತಾನೇ ಹೊರಡುತ್ತದೆ. ವೆಚ್ಚ ಗೊತ್ತಿಲ್ಲದೆ ಆರಿಸುವುದು ಆಯ್ಕೆಯಾಗುವುದಿಲ್ಲ. ಅಂದರೆ ಮತದಾನಕ್ಕೆ ಮೊದಲೇ ಕಿರಿಯ ಎಂಜಿನಿಯರ್ ಒಬ್ಬರು ಪ್ರತಿನಿಧಿಗಳ ಜೊತೆ ಓಣಿಗೆ ಹೋಗಿ, ಟೇಪು ಹಿಡಿದು ಉದ್ದ ಅಳೆದು, ನೀರು ಎತ್ತ ಹರಿಯುತ್ತದೆ ಎಂದು ನೋಡಿ, ಚಾಲ್ತಿಯಲ್ಲಿರುವ ಸರ್ಕಾರಿ ದರಪಟ್ಟಿಯಂತೆ ಅಂದಾಜು ಪಟ್ಟಿ ಮಾಡಬೇಕು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಶ್ರಮದ ಮತ್ತು ಅತ್ಯಂತ ಕಡಿಮೆ ಹೊಗಳಿಕೆಯ ಕೆಲಸ ಇದು. ಇದನ್ನು ಬಿಟ್ಟರೆ ಗೆದ್ದ ಚರಂಡಿಯನ್ನು ಸೇರಿಸಲು ಮುಂದೆ ರಾಜಕಾಲುವೆಯೇ ಇಲ್ಲ ಎಂಬುದು ಟೆಂಡರ್ ಆದ ಮೇಲೆ ಗೊತ್ತಾಗುತ್ತದೆ, ಒಂದು ಓಣಿಯ ನೀರು ಮುಂದಿನ ಓಣಿಯ ಮನೆಗಳಿಗೆ ನುಗ್ಗುತ್ತದೆ.

ಆಯ್ಕೆಯಾದ ಮೇಲೂ ಹಾದಿ ಉದ್ದವಿದೆ. ಕ್ರಿಯಾಯೋಜನೆಗೆ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ನಮೂದು, ಬಿಲ್ಲು. ಇವುಗಳಲ್ಲಿ ಯಾವುದರಲ್ಲಿ ಬೇಕಾದರೂ ಕಡತ ನಿಲ್ಲಬಹುದು. ಪೋರ್ತೊ ಅಲೆಗ್ರೆಯಲ್ಲಿ ಪ್ರತಿ ವರ್ಷ ಹೂಡಿಕೆ ಯೋಜನೆ ಎಂಬ ಪುಸ್ತಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ವಲಯವಾರು ಒಂದೊಂದು ಕಾಮಗಾರಿಯೂ ನಮೂದಾಗಿರುತ್ತಿತ್ತು, ಪ್ರತಿನಿಧಿಗಳು ಅದನ್ನು ಹಿಡಿದು ಬಂದು ಇದು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಒಂದು ಊರಿನ ಸಹಭಾಗಿತ್ವ ನಿಜವೋ ಪ್ರದರ್ಶನವೋ ಎಂದು ತಿಳಿಯಬೇಕಾದರೆ ಹಾಜರಿ ಪುಸ್ತಕ ನೋಡುವ ಅಗತ್ಯವಿಲ್ಲ. ಎರಡು ವರ್ಷದ ಹಿಂದಿನ ಪಟ್ಟಿಯನ್ನು ತೆಗೆದು ಎಷ್ಟು ಕೆಲಸಗಳ ಬಿಲ್ಲು ಆಗಿದೆ ಎಂದು ಎಣಿಸಿದರೆ ಸಾಕು. 2000ರ ದಶಕದಲ್ಲಿ ಆ ನಗರದ ಹಣಕಾಸು ಬಿಗಿಯಾದಾಗ ಅಲ್ಲಿಯೂ ಆಗದೆ ಉಳಿದ ಕೆಲಸಗಳ ರಾಶಿ ಬೆಳೆಯಿತು, ಸಭೆಗಳು ನಡೆಯುತ್ತಲೇ ಇದ್ದರೂ ನಂಬಿಕೆ ಸವೆಯಿತು.

ಈ ಪದ್ಧತಿಯಿಂದ ಪ್ರಯೋಜನವಾದುದಕ್ಕೆ ಗಟ್ಟಿ ಆಧಾರವಿದೆ. ಬ್ರೆಜಿಲ್‌ನ ನಗರಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ, ಇದನ್ನು ಅಳವಡಿಸಿಕೊಂಡ ನಗರಗಳು ಆರೋಗ್ಯ ಮತ್ತು ನೈರ್ಮಲ್ಯಕ್ಕೆ ಹೆಚ್ಚಿನ ಪಾಲು ಖರ್ಚು ಮಾಡಿದ್ದು ಮತ್ತು ಅಲ್ಲಿ ಶಿಶುಮರಣ ಇಳಿದದ್ದು ಕಂಡಿದೆ. ಬಡವರು ಕೇಳಿದ್ದು ನೀರು ಮತ್ತು ಚರಂಡಿ, ಅದು ಸಿಕ್ಕಾಗ ಮಕ್ಕಳು ಉಳಿದರು. ಆದರೆ ಮಿತಿಗಳೂ ಅಷ್ಟೇ ಸ್ಪಷ್ಟ. ಓಣಿಯ ಸಭೆಯಲ್ಲಿ ಓಣಿಯ ಕೆಲಸಗಳೇ ಗೆಲ್ಲುತ್ತವೆ. ತುಂಗಭದ್ರೆಯ ಕಾಲುವೆಯಿಂದ ನೀರು ತುಂಬಿಸಿಕೊಳ್ಳುವ ಬಳ್ಳಾರಿಯ ಅಲ್ಲೀಪುರ ಕೆರೆಯ ಹೂಳು, ಕೊಳಚೆ ನೀರಿನ ಶುದ್ಧೀಕರಣ ಘಟಕ, ಕಸ ವಿಲೇವಾರಿಯ ಜಾಗ ಇವು ಯಾವ ಒಂದು ಓಣಿಯ ಮೊದಲ ಆದ್ಯತೆಯೂ ಆಗುವುದಿಲ್ಲ. ಪೋರ್ತೊ ಅಲೆಗ್ರೆಯವರು ಇದನ್ನು ಕಂಡುಕೊಂಡು 1994ರಿಂದ ವಲಯ ಸಭೆಗಳ ಜೊತೆಗೆ ಸಾರಿಗೆ, ಶಿಕ್ಷಣ, ಆರೋಗ್ಯದಂತಹ ವಿಷಯಗಳಿಗೆ ಇಡೀ ನಗರದ ಪ್ರತ್ಯೇಕ ಸಭೆಗಳನ್ನು ಸೇರಿಸಿದರು. ಇದರಿಂದ ತೊಂದರೆ ಕಡಿಮೆಯಾಯಿತೇ ಹೊರತು ಮುಗಿಯಲಿಲ್ಲ.

ಯಾರು ಬರುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. ಅಲ್ಲಿನ ಸಭೆಗಳಲ್ಲಿ ಕಡಿಮೆ ವರಮಾನದವರು ಧಾರಾಳವಾಗಿ ಬಂದರೂ ಕಡುಬಡವರು ಮತ್ತು ಎಳೆಯರು ಕಡಿಮೆಯೇ ಇದ್ದರು. ನಮ್ಮಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣದಲ್ಲಿ ಕರೆಯುವ ಸಭೆಗೆ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಜೀನ್ಸ್ ಹೊಲಿಗೆಯವರು ಬರಬೇಕಾದರೆ ಆ ದಿನದ ಕೂಲಿ ಬಿಡಬೇಕು. ಬಾಡಿಗೆ ಮನೆಯಲ್ಲಿರುವವರ ಮತದಾರರ ಗುರುತಿನ ಚೀಟಿ ಅವರ ಸ್ವಂತ ಊರಿನದಾಗಿರುತ್ತದೆ. ಸಂಜೆ ಏಳರ ಮೇಲೆ, ಓಣಿಯ ಶಾಲೆಯ ಅಂಗಳದಲ್ಲಿ, ಅಲ್ಲಿ ವಾಸವಿದ್ದಾರೆ ಎಂಬುದಕ್ಕೆ ವಿದ್ಯುತ್ ಬಿಲ್ಲನ್ನೋ ನೆರೆಯವರ ಮಾತನ್ನೋ ಒಪ್ಪಿಕೊಂಡು ನಡೆಸುವ ಸಭೆಗೆ ಬರುವವರೇ ಬೇರೆ.

ಭಾರತದ ಅನುಭವಕ್ಕೆ ಪುಣೆಯನ್ನು ನೋಡಬೇಕು. ಅಲ್ಲಿನ ಮಹಾನಗರ ಪಾಲಿಕೆ 2006ರಲ್ಲಿ ಇದನ್ನು ಆರಂಭಿಸಿತು. ಮೊದಮೊದಲು ಬಡಾವಣೆಗಳಲ್ಲಿ ಸಭೆಗಳಾದವು, ಬರಬರುತ್ತಾ ಅದು ನಾಗರಿಕರು ಅರ್ಜಿ ನಮೂನೆ ತುಂಬಿ ವಾರ್ಡ್ ಕಚೇರಿಗೆ ಕೊಡುವ ಕ್ರಮವಾಗಿ ಕಿರಿದಾಯಿತು. ಇಷ್ಟು ವರ್ಷ ಬಾಳಿದ್ದು ಸಾಧನೆಯೇ. ಆದರೆ ಒಬ್ಬರೇ ಕುಳಿತು ಅರ್ಜಿ ತುಂಬುವಾಗ ಪಕ್ಕದ ಓಣಿಯ ಕೊರತೆ ತಮ್ಮದಕ್ಕಿಂತ ದೊಡ್ಡದು ಎಂದು ಯಾರಿಗೂ ತಿಳಿಯುವುದಿಲ್ಲ. ಹೋಲಿಸಿ, ವಾದಿಸಿ, ಬಿಟ್ಟುಕೊಡುವ ಅವಕಾಶ ಹೋದ ಮೇಲೆ ಉಳಿಯುವುದು ಮನವಿ ಪತ್ರಗಳ ಅಚ್ಚುಕಟ್ಟಾದ ಕಟ್ಟು.

ನಮ್ಮ ಊರುಗಳಲ್ಲಿ ಇದಕ್ಕೆ ಕಾನೂನಿನ ನೆಲೆ ಎಷ್ಟಿದೆ? ಸಂವಿಧಾನದ 243ಎಸ್ ವಿಧಿ ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ. 2011ರ ಜನಗಣತಿಯಂತೆ ಸುಮಾರು 4.1 ಲಕ್ಷ ಜನರಿರುವ ಬಳ್ಳಾರಿ ಆ ಮಿತಿಯನ್ನು ದಾಟುತ್ತದೆ, 2.34 ಲಕ್ಷದ ರಾಯಚೂರು ಮತ್ತು ಸುಮಾರು 70,000ದ ಕೊಪ್ಪಳ ದಾಟುವುದಿಲ್ಲ. ಮಹಾನಗರ ಪಾಲಿಕೆಗಳ ಕಾಯ್ದೆಗೆ 2011ರಲ್ಲಾದ ತಿದ್ದುಪಡಿ ವಾರ್ಡ್ ಸಮಿತಿ ಮತ್ತು ಏರಿಯಾ ಸಭೆಗಳನ್ನು ಸೇರಿಸಿತು. ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರು, ಉಳಿದವರು ನಾಮನಿರ್ದೇಶಿತರು, ಅವರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ಥಾನಗಳಿವೆ. ವಾರ್ಡಿನ ಯೋಜನೆ ತಯಾರಿಸುವುದು ಅದರ ಕೆಲಸಗಳಲ್ಲೊಂದು. ಆದರೆ ಇಷ್ಟು ಹಣ ನಿವಾಸಿಗಳ ನಿರ್ಧಾರಕ್ಕೆ ಎಂದು ಕಟ್ಟಿಹಾಕುವ ಮಾತು ಅಲ್ಲಿಲ್ಲ. ಆದ್ದರಿಂದ ಬಳ್ಳಾರಿಯ 39 ಸದಸ್ಯರ ಪರಿಷತ್ತಾಗಲಿ ಕೊಪ್ಪಳದ ನಗರಸಭೆಯಾಗಲಿ ಇದನ್ನು ಮಾಡಬೇಕೆಂದರೆ ಸಾಮಾನ್ಯ ಸಭೆಯಲ್ಲಿ ತಾವೇ ಒಂದು ಠರಾವು ಮಾಡಿ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ.

ಸದಸ್ಯರು ಅದಕ್ಕೆ ಹಿಂಜರಿಯುವುದು ಸಹಜ. ಚರಂಡಿ ಹಾಕಿಸಿಕೊಟ್ಟೆ ಎಂಬುದು ಕಾರ್ಪೊರೇಟರ್ ಒಬ್ಬರು ಮತ ಕೇಳಲು ಹೋದಾಗ ಹೇಳಬಹುದಾದ ಮುಖ್ಯ ಮಾತು, ಅದನ್ನು ಓಣಿಯ ಸಭೆಗೆ ಬಿಟ್ಟುಕೊಡಿ ಎಂದರೆ ಅವರಿಗೆ ಏನು ಉಳಿಯಿತು? ಈ ಆತಂಕವನ್ನು ತಳ್ಳಿಹಾಕಿದ ಕಡೆ ವ್ಯವಸ್ಥೆ ನಿಂತಿಲ್ಲ. ಪೋರ್ತೊ ಅಲೆಗ್ರೆಯಲ್ಲಿ ಇದನ್ನು ನಗರದ ಕಾನೂನಿಗೆ ಸೇರಿಸದೆ, ಭಾಗವಹಿಸುವವರೇ ವರ್ಷ ವರ್ಷ ತಿದ್ದಿಕೊಳ್ಳಬಹುದಾದ ಒಳನಿಯಮಗಳ ಮೇಲೆ ನಡೆಸಿದರು. ಅದರಿಂದ ವ್ಯವಸ್ಥೆಗೆ ಬಳುಕುವ ಗುಣ ಬಂತು, ಜೊತೆಗೆ ಅಧಿಕಾರದಲ್ಲಿದ್ದವರ ಇಚ್ಛೆಯ ಮೇಲೆ ಅವಲಂಬನೆಯೂ ಬಂತು. ಹದಿನಾರು ವರ್ಷ ಆಳಿದ ಪಕ್ಷ 2004ರಲ್ಲಿ ಸೋತಿತು, ನಂತರ ಬಂದವರು ಸಭೆಗಳನ್ನು ಉಳಿಸಿಕೊಂಡು ಅವುಗಳ ತೂಕ ಇಳಿಸಿದರು, 2017ರಲ್ಲಿ ಆಗಿನ ಆಡಳಿತ ಸಭೆಗಳನ್ನೇ ಸ್ಥಗಿತಗೊಳಿಸಿತು.

ಹಾಗಾಗಿ ಠರಾವಿನಲ್ಲಿ ಮೊತ್ತವನ್ನು ಒಂದು ವರ್ಷಕ್ಕಲ್ಲದೆ ಪರಿಷತ್ತಿನ ಉಳಿದ ಅವಧಿಗೆಲ್ಲ ಅನ್ವಯಿಸುವಂತೆ, ಸ್ವಂತ ವರಮಾನದ ಇಷ್ಟು ಶೇಕಡಾ ಎಂದು ಬರೆಯಬೇಕು. ಕಾರ್ಪೊರೇಟರು ಸಭೆಯನ್ನು ಕರೆದು ನಡೆಸುವವರಾಗಿರಲಿ, ಮತ ಹಾಕುವವರಾಗುವುದು ಬೇಡ. ತೂಕಗಳನ್ನು ಆದ್ಯತೆ ಕೇಳುವ ಮೊದಲೇ ಪ್ರಕಟಿಸಬೇಕು, ಕಳೆದ ವರ್ಷದ ಪಟ್ಟಿಯ ಪ್ರತಿ ಕೆಲಸ ಯಾವ ಹಂತದಲ್ಲಿದೆ ಎಂದು ಓದಿ ಹೇಳದೆ ಈ ವರ್ಷದ ಸಭೆ ಆರಂಭವಾಗಬಾರದು. ಮಾರ್ಚ್ ಕೊನೆಗೆ ಬಜೆಟ್ ಮಂಜೂರಾಗಬೇಕಾದರೆ ಓಣಿವಾರು ಸಮೀಕ್ಷೆ ಅದರ ಹಿಂದಿನ ಆಗಸ್ಟ್‌ನಲ್ಲಿ, ಅಂದರೆ ಮಳೆ ಬಿದ್ದು ಯಾವ ಓಣಿಯಲ್ಲಿ ನೀರು ನಿಲ್ಲುತ್ತದೆ ಎಂದು ಕಣ್ಣಿಗೆ ಕಾಣುವ ತಿಂಗಳಲ್ಲಿ ಶುರುವಾಗಬೇಕು.